ಆಯ್ತಕ್ಕನ ಮೂರು ಸಾಲು

ನನ್ನ ಸೊಸೆಯನ್ನು ಕಂಡವರೆಲ್ಲ ಕರೆಯುವುದು ಆಯ್ತಕ್ಕ ಅಂತ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಯಾರು ಏನು ಹೇಳಲಿ, ಅವಳ ಬಾಯಿಂದ ಮೊದಲು ಉದುರುವುದು 'ಆಯ್ತು'. ಬೆಳಿಗ್ಗೆ ಆರೂವರೆಗೆ ಬಾ ಅಂದರೆ ಆಯ್ತು. ಊಟ ಆಮೇಲೆ, ಮೊದಲು ಈ ನಾಲ್ಕು ಜನರ ರಕ್ತ ತೆಗಿ ಅಂದರೆ ಆಯ್ತು. ಈ ತಿಂಗಳು ರಜಾ ಇಲ್ಲ ಅಂದರೆ ಅದಕ್ಕೂ ಆಯ್ತು. ಕೈ ಮಾತ್ರ ಬಂಗಾರ. ನರ ಸಿಗದ ಮುದುಕರ ತೋಳಿನಲ್ಲೂ ಒಂದೇ ಚುಚ್ಚಿಗೆ ರಕ್ತ ತೆಗೆಯುತ್ತಾಳೆ, ಅಳುವ ಮಕ್ಕಳು ಅವಳ ಮುಂದೆ ಅಳು ಮರೆಯುತ್ತವೆ. ಬಾಯಿ ಒಂದು ನೆಟ್ಟಗಿದ್ದಿದ್ದರೆ ಈ ಕತೆ ಹೇಳುವ ಗ್ರಹಚಾರ ನನಗೆ ಬರುತ್ತಿರಲಿಲ್ಲ.

ನಾನು ಅವಳ ಹಾಗಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಮಗ ಹೇಳುತ್ತಾನೆ. ಇರಲಿ ಬಿಡಿ, ಅಲ್ಲಿ ಜಾಗ ಇದೆ, ಇದೆ. ಮೂವತ್ತೊಂದು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು ನಾನು. ನೇಮಕದ ಆದೇಶ, ರಾಜೀನಾಮೆ, ಕೆಲಸ ಬೇಡ ಅನ್ನುವ ಕಾಗದ, ಎಲ್ಲ ನನ್ನ ಬೆರಳಿನ ಕೆಳಗೆ ಹಾದು ಹೋಗಿವೆ. ಒಂದು ಕಾಗದದಲ್ಲಿ ಒಂದೇ ವಿಷಯ ಇರಬೇಕು ಅನ್ನುವುದನ್ನು ಸಾಹೇಬರುಗಳಿಗೇ ಕಲಿಸಿ ನಿವೃತ್ತಿಯಾದವಳು.

ಅವಳಿದ್ದ ಲ್ಯಾಬ್ ಅಂದರೆ ಒಂದು ಗಲ್ಲಿಯ ಕೊನೆಯಲ್ಲಿ ಕಿಟಕಿಯಿಲ್ಲದ ಎರಡು ಕೋಣೆ. ಮುಂದಿನದರಲ್ಲಿ ರೋಗಿಗಳು ಕೂರುವ ಬೆಂಚು, ಹಿಂದಿನದರಲ್ಲಿ ಫ್ರಿಜ್ಜು, ಸೂಕ್ಷ್ಮದರ್ಶಕ, ರಕ್ತದ ಕೊಳವೆಗಳನ್ನು ಗಿರಗಿರ ಸುತ್ತಿಸುವ ಒಂದು ಯಂತ್ರ. ಆ ಯಂತ್ರದ ಮುಚ್ಚಳ ಸಡಿಲವಾಗಿ ಸುತ್ತು ನಿಲ್ಲುವ ಹೊತ್ತಿಗೆ ಟಕಟಕ, ಟಕಟಕ ಅನ್ನುತ್ತಿತ್ತು. ರಿಪೇರಿ ಮಾಡಿಸಿ ಅಂತ ನನ್ನ ಸೊಸೆ ಎರಡು ವರ್ಷ ಕೇಳಿದಳು. ಯಜಮಾನರು ಒಂದು ರಟ್ಟಿನ ತುಂಡು ಮಡಚಿ ಕೊಟ್ಟು, ಇದನ್ನು ಸಿಗಿಸು ಅಂದರು. ಆಯ್ತು ಅಂದು ಸಿಗಿಸಿದಳು. ಸದ್ದು ಮಾತ್ರ ನಿಲ್ಲಲಿಲ್ಲ.

ಸದ್ದು ಹೋಗಲಿ. ಸೇರುವಾಗಲೇ ಆ ಮನುಷ್ಯ ಮೂರು ವರ್ಷ ಬಿಡುವುದಿಲ್ಲ ಅಂತ ಸಹಿ ಹಾಕಿಸಿಕೊಂಡು, ಅವಳ ಓದಿನ ಒರಿಜಿನಲ್ ಸರ್ಟಿಫಿಕೇಟುಗಳನ್ನು ತನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಕಾನೂನು ಇದನ್ನು ಒಪ್ಪುತ್ತದೋ ಇಲ್ಲವೋ, ಹೊಟ್ಟೆಪಾಡಿಗೆ ಹೋದವರು ಕಾನೂನು ಕೇಳುತ್ತಾರಾ? ಮೂರು ವರ್ಷ ಮುಗಿದು ಇನ್ನೂ ಆರು ವರ್ಷವಾಯಿತು. ಕೇಳಿದಾಗಲೆಲ್ಲ ಬೀರುವಿನ ಕೀ ಮನೆಯಲ್ಲಿ ಮರೆತು ಬಂದಿರುತ್ತಿದ್ದ. ಜೆರಾಕ್ಸು ಹಿಡಿದುಕೊಂಡೇ ಒಂಬತ್ತು ವರ್ಷ ಕಳೆದಳು ಪುಣ್ಯಾತ್ಗಿತ್ತಿ.

ಕೊನೆಗೂ ಈ ವರ್ಷ ಎರಡು ಕಡೆ ಅರ್ಜಿ ಹಾಕಿದಳು. ಒಂದು ಮಕ್ಕಳ ಆಸ್ಪತ್ರೆಯ ಲ್ಯಾಬು, ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರ, ಹಗಲು ಕೆಲಸ. ಇನ್ನೊಂದು ದೊಡ್ಡಾಸ್ಪತ್ರೆಯ ರಕ್ತನಿಧಿ. ಅಲ್ಲಿ ಸಂಬಳ ಸ್ವಲ್ಪ ಹೆಚ್ಚು, ಆದರೆ ರಾತ್ರಿಪಾಳಿಯೂ ಉಂಟು. ಆ ಎರಡನೆಯದಕ್ಕೆ ಅರ್ಜಿ ಹಾಕಿಸಿದವನು ಅವಳ ಅಕ್ಕನ ಗಂಡ. ಅದೇ ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಾನೆ, ನಾವು ಸ್ಟೋರ್ ಭಾವ ಅನ್ನುತ್ತೇವೆ. ಒಳ್ಳೆಯ ಮನುಷ್ಯನೇ. ಆದರೆ ಯಾರಿಗಾದರೂ ಒಂದು ಉಪಕಾರ ಮಾಡಿದನೆಂದರೆ ಅದನ್ನು ಹತ್ತು ಜನಕ್ಕೆ ಹೇಳದೆ ಅವನಿಗೆ ನಿದ್ದೆ ಬರುವುದಿಲ್ಲ. "ನನ್ನ ನಾದಿನಿ ಅಂತ ದೊಡ್ಡ ಡಾಕ್ಟರಿಗೇ ಹೇಳಿದ್ದೀನಿ, ನನ್ನ ಮಾತು ಉಳಿಸಬೇಕು ನೋಡು" ಅಂದ. ಇವಳು ಏನಂದಳು ಅಂತ ನಾನು ಹೇಳಬೇಕಾಗಿಲ್ಲ.

ರಕ್ತನಿಧಿಯ ಸಂದರ್ಶನದ ದಿನ ಹೊರಗಿನ ಬೆಂಚಿನಲ್ಲಿ ಇವಳ ಪಕ್ಕ ಒಬ್ಬಳು ಕೂತಿದ್ದಳಂತೆ. ಮೂವತ್ತೆರಡು ಮೂವತ್ತಮೂರು ವಯಸ್ಸು, ಹಸಿರು ಫೈಲನ್ನು ಎದೆಗೆ ಅವುಚಿಕೊಂಡಿದ್ದಳು. ಅವಳು ಕೆಲಸ ಮಾಡುತ್ತಿದ್ದ ಲ್ಯಾಬ್ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಇಬ್ಬರೂ ನಂಬರು ಕೊಟ್ಟು ತೆಗೆದುಕೊಂಡರು, ನನ್ನ ಸೊಸೆ ತನ್ನ ಡಬ್ಬಿಯಲ್ಲಿದ್ದುದರಲ್ಲಿ ಅರ್ಧ ಅವಳಿಗೆ ಕೊಟ್ಟಳು. "ಇದು ಸಿಗದಿದ್ರೆ ಸಿಕ್ಕಿದ ಕಡೆ ಸೇರೋದೇ ಅಕ್ಕ" ಅಂದಿದ್ದಳಂತೆ ಹಸಿರು ಫೈಲಿನವಳು.

ಒಂದು ಸೋಮವಾರ ರಕ್ತನಿಧಿಯ ಸೂಚನಾ ಫಲಕದಲ್ಲಿ ಪಟ್ಟಿ ಅಂಟಿಸಿದರು. ಇದ್ದದ್ದು ಒಂದೇ ಹುದ್ದೆ. ಮೊದಲನೆಯ ಹೆಸರು ನನ್ನ ಸೊಸೆಯದು. ಅದರ ಕೆಳಗೆ, ಕಾಯ್ದಿರಿಸಿದವರು ಅನ್ನುವ ಕಡೆ, ಹಸಿರು ಫೈಲಿನವಳದು. ಮೊದಲಿನವರು ಬಾರದಿದ್ದರೆ ಎರಡನೆಯವರಿಗೆ, ಅಷ್ಟೇ ಲೆಕ್ಕ. ಆದೇಶ ಸಹಿಯಾಗಿ ಬರಬೇಕಿತ್ತು. ಅದೇ ವಾರ ಶುಕ್ರವಾರ ಮಕ್ಕಳ ಆಸ್ಪತ್ರೆಯಿಂದ ನೇಮಕದ ಕಾಗದವೇ ಬಂತು. ಹಗಲು ಕೆಲಸ, ಕಾಲ್ನಡಿಗೆ ದಾರಿ, ಮಕ್ಕಳು ಅಂದರೆ ಇವಳಿಗೆ ಪ್ರಾಣ. ಶನಿವಾರ ಹೋಗಿ ಒಪ್ಪಿ ಸಹಿ ಮಾಡಿ ಬಂದಳು. ಹಳೆಯ ಲ್ಯಾಬಿಗೆ ಒಂದು ತಿಂಗಳ ನೋಟಿಸು ಕೊಟ್ಟಳು. ಒರಿಜಿನಲ್ ಬಿಡಿಸಿಕೊಳ್ಳಲು ನಾನೇ ಹೋದೆ. ಯಜಮಾನ ಕೀ ಮರೆತೆ ಅಂದ. ಸರಿ ಅಂತ ರೋಗಿಗಳ ಬೆಂಚಿನ ಮೇಲೆ ಕೂತೆ. ಬಂದವರೆಲ್ಲ "ಏನಮ್ಮ, ಶುಗರ್ರಾ?" ಅಂತ ಕೇಳಿದರೆ, ಇಲ್ಲಪ್ಪ, ಕೀ ಬರಲಿ ಅಂತ ಕಾಯ್ತಿದ್ದೀನಿ ಅಂತ ಕತೆ ಪೂರ್ತಿ ಬಿಚ್ಚಿಡುತ್ತಿದ್ದೆ. ಹನ್ನೊಂದು ಗಂಟೆಗೆ ಕೀ ಅವನ ಜೇಬಿನಲ್ಲೇ ಸಿಕ್ಕಿತು.

ಅವತ್ತು ಸಾಯಂಕಾಲವೇ ನಾನು ಸೊಸೆಯನ್ನು ಕೂರಿಸಿಕೊಂಡು ಹೇಳಿದೆ.

"ನೋಡು, ಇಲ್ಲಿ ಸಹಿ ಹಾಕಿ ಆಯ್ತು. ಇನ್ನು ರಕ್ತನಿಧಿಯ ಅರ್ಜಿ ಇವತ್ತೇ ವಾಪಸು ತಗೋಬೇಕು. ಮೊದಲು ನಿಮ್ಮ ಭಾವನಿಗೆ ಫೋನು ಮಾಡು, ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗಬಾರದು. ಆಮೇಲೆ ನೇಮಕ ವಿಭಾಗಕ್ಕೆ ಮೂರು ಸಾಲು ಬರಿ. ಆಯ್ಕೆ ಮಾಡಿದ್ದಕ್ಕೆ ಧನ್ಯವಾದ. ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೀನಿ. ಈ ಹುದ್ದೆಗೆ ಹಾಕಿದ ಅರ್ಜಿ ವಾಪಸು ಪಡೀತಿದ್ದೀನಿ. ಅರ್ಜಿಯ ನಂಬರು ಮೇಲೆ ಹಾಕು. ಎಲ್ಲಿ, ಎಷ್ಟು ಸಂಬಳ, ಯಾಕೆ, ಒಂದೂ ಬೇಡ."

"ಅಷ್ಟು ಮೊಟಕಾಗಿ ಬರೆದರೆ ಬೇಜಾರು ಮಾಡ್ಕೊಳ್ಳಲ್ವಾ ಅತ್ತೆ?"

"ಅವರೇನು ನಿನ್ನ ನೆಂಟರಾ ಬೇಜಾರು ಮಾಡ್ಕೊಳ್ಳೋಕೆ? ಅವರಿಗೆ ಬೇಕಾಗಿರೋದು ಮುಂದಿನವರನ್ನ ಕರೆಯೋದಾ ಬೇಡವಾ ಅನ್ನೋ ಒಂದು ಮಾತು. ಆ ಹಸಿರು ಫೈಲಿನವಳು ಕಾಯ್ತಾ ಕೂತಿಲ್ವಾ?"

"ಆಯ್ತು ಅತ್ತೆ" ಅಂದಳು.

ಆ 'ಆಯ್ತು'ವನ್ನು ನಾನು ನಂಬಿದೆನಲ್ಲ, ನನಗೆ ಬುದ್ಧಿ ಇಲ್ಲ. ಮೂರು ದಿನ ಫೋನು ಕೈಯಲ್ಲಿ ಹಿಡಿದು ಏನೋ ಒತ್ತುವುದು, ಅಳಿಸುವುದು ಮಾಡುತ್ತಿದ್ದಳು. ನಾಲ್ಕನೆಯ ದಿನ "ಕಳಿಸಿದೆ ಅತ್ತೆ" ಅಂದಳು. ತೋರಿಸು ಅಂದಿದ್ದರೆ ಅವತ್ತೇ ಬಯಲಾಗುತ್ತಿತ್ತು. ನಾನು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಸ್ಟೂಲು ಹತ್ತಿ ಫ್ಯಾನಿನ ಧೂಳು ಹೊಡೆಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದು. ಸೊಸೆ ಬಾಗಿಲು ತೆಗೆದರೆ ಸ್ಟೋರ್ ಭಾವ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ, ಮುಖ ಒಂದು ಮೊಳ ಇಳಿಬಿಟ್ಟುಕೊಂಡಿದ್ದಾನೆ. ನನ್ನನ್ನು ನೋಡಿದವನು ದೆವ್ವ ಕಂಡವರ ಹಾಗೆ ನಿಂತುಬಿಟ್ಟ.

"ಅಮ್ಮ! ನೀವು ಸ್ಟೂಲು ಹತ್ತೋದಾ? ಇಳೀರಿ ಇಳೀರಿ! ಎದ್ದು ಓಡಾಡಬಾರದು ಅಂತ ಹೇಳಿಲ್ವಾ?"

"ಯಾರಪ್ಪ ಹೇಳಿದ್ದು?"

ಸೊಸೆ ಅವನ ಬೆನ್ನ ಹಿಂದೆ ನಿಂತು ನನ್ನ ಕಡೆ ನೋಡಿದಳು. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ರಕ್ತವೆಲ್ಲ ಇಳಿದು ಸುಣ್ಣದ ಗೋಡೆಯಾಗಿತ್ತು. ಎರಡು ಕೈ ಜೋಡಿಸಿದ್ದಳು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ನಾನು ಮಾಡಿದ್ದೇನು ಗೊತ್ತಾ? ಕೆಮ್ಮಿದೆ. ಮೂವತ್ತೊಂದು ವರ್ಷ ಯಾವ ಸಾಹೇಬನಿಗೂ ತಲೆ ಬಾಗಿಸದ ನಾನು, ಸೊಸೆಯ ಮಾನ ಉಳಿಯಲಿ ಅಂತ ಸ್ಟೂಲಿನ ಮೇಲೆ ನಿಂತು ಖೊಕ್ ಖೊಕ್ ಅಂತ ಕೆಮ್ಮಿ, ಗೋಡೆ ಹಿಡಿದು ಇಳಿದೆ.

ಭಾವ ನನ್ನನ್ನು ಹಾಸಿಗೆಯವರೆಗೆ ನಡೆಸಿಕೊಂಡು ಹೋಗಿ ಹೊದಿಕೆ ಹೊದಿಸಿದ. ಪಕ್ಕದಲ್ಲಿ ಕುರ್ಚಿ ಎಳೆದು ಕೂತ. "ನೀವು ಯೋಚನೆ ಮಾಡಬೇಡಿ ಅಮ್ಮ. ಇವಳು ಕಾಗದ ಬರೆದಿದ್ದಾಳೆ, ಅತ್ತೆಗೆ ತುಂಬಾ ಹುಷಾರಿಲ್ಲ, ಸದ್ಯಕ್ಕೆ ಬರೋಕಾಗಲ್ಲ, ಕ್ಷಮಿಸಿ ಅಂತ. ದೊಡ್ಡ ಡಾಕ್ಟರು ನನ್ನ ಕರೆಸಿದ್ರು. ನಾನು ಹೇಳಿದೆ, ಮೇಡಂ, ಅವಳಂಥ ಸೊಸೆ ಹುಡುಕಿದ್ರೂ ಸಿಗಲ್ಲ, ಅತ್ತೆಗೋಸ್ಕರ ಕೆಲಸಾನೇ ಬಿಡ್ತಿದ್ದಾಳೆ ಅಂತ. ಅವರ ಕಣ್ಣಲ್ಲಿ ನೀರೇ ಬಂತು ಅಮ್ಮ. ಆರು ವಾರ ಜಾಗ ಹಿಡಿದಿಡ್ತಾರಂತೆ. ಬೇಕಾದ್ರೆ ನಮ್ಮಲ್ಲೇ ಒಂದು ಬೆಡ್ಡೂ ಕೊಡಿಸ್ತೀನಿ ಅಂದ್ರು."

ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು ಸೊಸೆ. ಅವಳ ಕಡೆ ತಿರುಗಿ ಭಾವ ಕೇಳಿದ, "ಆರು ವಾರ ಸಾಕಲ್ವಾ ನಿಂಗೆ?"

"ಆಯ್ತು ಭಾವ" ಅಂದಳು.

ಅವನು ಹೊರಟ ಮೇಲೆ ನನ್ನ ಮೈಯೆಲ್ಲ ಉರಿದುಹೋಯಿತು. "ತಾ ಇಲ್ಲಿ ಆ ಫೋನು" ಅಂದೆ. ಕಾಗದ ಓದಿದೆ. ಇಪ್ಪತ್ತಮೂರು ಸಾಲು! ನನ್ನ ಉಸಿರಾಟದ ತೊಂದರೆ ಆರು ಸಾಲು, ಮಗನಿಗೆ ಬಸ್ ಓಡಿಸುವ ಕೆಲಸದಲ್ಲಿ ರಜಾ ಸಿಗದಿರುವುದು ನಾಲ್ಕು ಸಾಲು, ಕ್ಷಮೆ ಏಳು ಕಡೆ. ಕೊನೆಯಲ್ಲಿ 'ಮುಂದೆ ಅವಕಾಶವಿದ್ದರೆ ದಯವಿಟ್ಟು ನನ್ನನ್ನು ನೆನಪಿಟ್ಟುಕೊಳ್ಳಿ' ಅಂತ ಬೇರೆ. ಅರ್ಜಿ ವಾಪಸು ಅನ್ನುವ ಮಾತು ಇಡೀ ಕಾಗದದಲ್ಲಿ ಎಲ್ಲೂ ಇಲ್ಲ. ಬೇರೆ ಕಡೆ ಸೇರಿದ್ದೂ ಇಲ್ಲ.

"ಇದು ಕೆಲಸ ಬೇಡ ಅನ್ನೋ ಕಾಗದವೇನೇ? ಇದು ರಜಾ ಕೇಳೋ ಕಾಗದ! ಯಾರು ಓದಿದ್ರೂ ಪಾಪ ಕಾಯೋಣ ಅಂತಾರೆ."

"ಭಾವನ ಮಾತು ಹೋಗತ್ತೆ ಅಂತ ಅತ್ತೆ. ಬೇರೆ ಕಡೆ ಹೋಗ್ತೀನಿ ಅಂದ್ರೆ ಅವರಿಗೆ ಅವಮಾನ. ಮನೇಲಿ ಹುಷಾರಿಲ್ಲ ಅಂದ್ರೆ ಯಾರಿಗೂ ಬೇಜಾರಿಲ್ಲ ಅನ್ಕೊಂಡೆ."

"ನನಗೆ ಬೇಜಾರಿಲ್ವಾ? ನನ್ನ ಶ್ವಾಸಕೋಶ ತಿಂದುಹಾಕಿದ್ಯಲ್ಲೇ ಕಾಗದದಲ್ಲಿ!"

ಅಳತೊಡಗಿದಳು. ನಾಳೆಯೇ ಸರಿಮಾಡುತ್ತೀನಿ ಅಂದಳು. ನಾಳೆ ಬಂತು, ಭಾವನೂ ಬಂದ, ಈ ಸಲ ಹಬೆ ಹಿಡಿಯುವ ಯಂತ್ರ ತಂದಿದ್ದ. ಅವನ ಮುಂದೆ ಹೇಳುವುದು ಹೇಗೆ? ಹೇಳಿದರೆ ನಿನ್ನೆ ಕೆಮ್ಮಿದ ನಾನೂ ಸುಳ್ಳುಗಾರ್ತಿ. ಅಲ್ಲಿಗೆ ನಾವಿಬ್ಬರೂ ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಅವನ ಮನೆ ನಮ್ಮದೇ ರಸ್ತೆಯ ತುದಿಯಲ್ಲಿ. ನಾನು ಬೆಳಗಿನ ತಿರುಗಾಟ ಬಿಟ್ಟೆ. ಬಾಲ್ಕನಿಗೆ ಹೋಗುವುದು ಬಿಟ್ಟೆ. ಜೋರಾಗಿ ನಗುವುದು ಬಿಟ್ಟೆ, ಗೋಡೆಯಾಚೆಯವರು ಭಾವನ ಹೆಂಡತಿಗೆ ಹೇಳಿಬಿಟ್ಟರೆ? ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಪೊರಕೆ ಬಿಸಾಕಿ ಹೊದಿಕೆಯೊಳಗೆ ತೂರಿಕೊಳ್ಳುತ್ತಿದ್ದೆ. ಬಂದವನು ಹಾಲಿನವನಾಗಿರುತ್ತಿದ್ದ. ಬಾರದ ಕಾಯಿಲೆಗೆ ಇಪ್ಪತ್ತಮೂರು ದಿನ ಮಲಗಿದೆ. ನಿಜ ಹೇಳುತ್ತೇನೆ, ಹತ್ತು ದಿನವಾಗುವ ಹೊತ್ತಿಗೆ ನನಗೆ ಉಸಿರು ಕಟ್ಟಿದ ಹಾಗೇ ಆಗುತ್ತಿತ್ತು.

ಇದರ ನಡುವೆ ಒಂದು ಸಾಯಂಕಾಲ ಸೊಸೆಯ ಫೋನಿಗೆ ಹಸಿರು ಫೈಲಿನವಳ ಮೆಸೇಜು ಬಂತು. 'ಅಕ್ಕ, ಕೇಳೋದು ತಪ್ಪೋ ಏನೋ. ನೀವು ರಕ್ತನಿಧಿಗೆ ಸೇರೋದು ಖಚಿತನಾ? ಹೌದು ಅಂದ್ರೆ ನಾನು ಬೇರೆ ನೋಡ್ಕೋತೀನಿ. ಮನೇಲಿ ಇನ್ನು ತಡೆಯೋಕಾಗಲ್ಲ ಅಂತಿದ್ದಾರೆ.' ಸೊಸೆ ಅದನ್ನು ಓದಿ ಓದಿ ಅರ್ಧ ಗಂಟೆ ಕೂತಳು. ಸೇರಲ್ಲ ಅಂತ ಇವಳು ಹೇಳಿದರೆ ಅವಳು ನೇಮಕ ವಿಭಾಗಕ್ಕೆ ಹೋಗಿ ಕೇಳುತ್ತಾಳೆ, ಅಲ್ಲಿಂದ ಭಾವನಿಗೆ ಹೋಗುತ್ತದೆ. ಕೊನೆಗೆ ಇವಳು ಕಳಿಸಿದ್ದು ಒಂದೇ ಪದ, 'ನೋಡ್ತಿದ್ದೀನಿ'. ನನಗೆ ತೋರಿಸಿಯೇ ಕಳಿಸಿದಳು. ಬೇಡ ಅನ್ನಲು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿಸಿತು. ಮಲಗಿದೆ.

ನೋಟಿಸಿನ ತಿಂಗಳು ಮುಗಿದು ಒಂದು ಶನಿವಾರ ಸೊಸೆ ಹಳೆಯ ಲ್ಯಾಬಿನಿಂದ ಬಿಡುಗಡೆಯಾಗಿ ಬಂದಳು. "ಸೋಮವಾರದಿಂದ ಯಾರೋ ಒಬ್ಬಳು ಬರ್ತಾಳಂತೆ ನನ್ನ ಜಾಗಕ್ಕೆ" ಅಂದಳು, ಅಷ್ಟೇ. ಬುಧವಾರ ಮಕ್ಕಳ ಆಸ್ಪತ್ರೆಗೆ ಸೇರಬೇಕು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ರಕ್ತನಿಧಿಯ ನೇಮಕ ವಿಭಾಗದಿಂದ ಫೋನು ಬಂತು. ಅವಳ ಕೈಯಲ್ಲಿ ಸಾಬೂನಿತ್ತು, ಸ್ಪೀಕರ್ ಹಾಕಿದಳು.

"ಆದೇಶ ಸಹಿಯಾಗಿ ಬಂದಿದೆ. ಹದಿನೈದನೇ ತಾರೀಖಿನೊಳಗೆ ಸೇರಬೇಕು. ಅತ್ತೆ ಈಗ ಹೇಗಿದ್ದಾರೆ? ಖಚಿತ ಬರ್ತೀರಲ್ಲಾ?"

ಅವಳು ನನ್ನ ಕಡೆ ನೋಡಿದಳು. ತುಟಿ ಆ ಹಾಳು ಪದದ ಆಕಾರಕ್ಕೆ ತಿರುಗುತ್ತಿದ್ದುದನ್ನು ನಾನೇ ಕಂಡೆ. ಫೋನು ಕಸಿದುಕೊಂಡೆ. "ನಾನು ಅವರತ್ತೆ ಮಾತಾಡ್ತಿರೋದು. ಚೆನ್ನಾಗಿದ್ದೀನಿ. ಇನ್ನೊಂದು ಗಂಟೇಲಿ ಇಬ್ಬರೂ ಅಲ್ಲಿಗೇ ಬರ್ತೀವಿ" ಅಂದು ಇಟ್ಟೆ.

"ಏಳು, ಕೈ ತೊಳ್ಕೋ" ಅಂದೆ. "ಒಂದು ಹಾಳೆ ತಾ. ಇವತ್ತು ನನ್ನ ಮುಂದೆ ಬರಿ."

ಮೂರು ಸಾಲು ಬರೆದಳು. ಅಕ್ಷರ ಮುತ್ತಿನ ಹಾಗೆ. ಸಹಿಯ ಮೇಲೆ 'ಕ್ಷಮಿಸಿ' ಅಂತ ಇನ್ನೊಂದು ಸಾಲು ಶುರುಮಾಡಿದಳು. ಪೆನ್ನು ಕಿತ್ತುಕೊಂಡೆ.

ಮೊದಲು ಉಗ್ರಾಣಕ್ಕೆ ಹೋದೆವು. ಹತ್ತಿಯ ಕಟ್ಟುಗಳ ನಡುವೆ ಮೇಜು ಹಾಕಿಕೊಂಡು ಭಾವ ಪಟ್ಟಿ ನೋಡುತ್ತಿದ್ದ. ನಾನು ನೆಟ್ಟಗೆ ನಡೆದು ಬಂದದ್ದನ್ನು ಕಂಡು ಅವನ ಮುಖ ಅರಳಿತು. ಪಾಪ, ಆ ಸಂತೋಷ ನಿಜವಾದದ್ದು, ಅದನ್ನು ನೋಡಿಯೇ ನನಗೆ ಸಂಕಟವಾಯಿತು. ಸೊಸೆಯ ಬೆನ್ನಿಗೆ ಬೆರಳಿನಿಂದ ತಿವಿದೆ.

"ಭಾವ, ಅತ್ತೆಗೆ ಏನೂ ಆಗಿರಲಿಲ್ಲ" ಅಂದಳು. "ನನಗೆ ಮಕ್ಕಳ ಆಸ್ಪತ್ರೇಲಿ ಕೆಲಸ ಸಿಕ್ಕಿದೆ. ಸಹಿ ಮಾಡಿ ಒಂದು ತಿಂಗಳಾಯ್ತು. ಹೇಳೋಕೆ ಹೆದರಿದೆ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನನ್ನನ್ನು ನೋಡಿದ. "ಮತ್ತೆ ಆ ಕೆಮ್ಮು?"

"ನನ್ನದೇ ತಪ್ಪು ಕಣಪ್ಪ" ಅಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಬೇರೆ ಕಡೆ ಹೋಗ್ತೀನಿ ಅಂದಿದ್ರೆ ಒಂದು ದಿನ ಮುಖ ಊದಿಸ್ಕೊಂಡಿರ್ತಿದ್ದೆ" ಅಂದ ಅವಳಿಗೆ. "ಅಷ್ಟೇ ತಾನೇ? ಉಗ್ರಾಣದಲ್ಲಿ ದಿನಾ ಬೇಡ ಅಂತ ಸಾಮಾನು ವಾಪಸು ಬರತ್ತೆ, ನಾನೇನು ಅಳ್ತಾ ಕೂರ್ತೀನಾ? ಈಗ ಇಡೀ ಆಸ್ಪತ್ರೆಗೆ ನಿಮ್ಮತ್ತೆ ಸಾಯ್ತಿದ್ದಾರೆ ಅಂತ ಹೇಳಿಟ್ಟಿದ್ದೀನಿ. ನಾನು ಯಾರಿಗೆ ಅಂತ ಮುಖ ತೋರಿಸ್ಲಿ?" ಪಟ್ಟಿ ಮತ್ತೆ ಕೈಗೆತ್ತಿಕೊಂಡ. ನಮ್ಮ ಜೊತೆ ಬರಲಿಲ್ಲ.

ದೊಡ್ಡ ಡಾಕ್ಟರು ಅಂದರೆ ರಕ್ತನಿಧಿಯ ಮುಖ್ಯಸ್ಥೆ, ನನಗಿಂತ ಹತ್ತು ವರ್ಷ ಚಿಕ್ಕವರು. ನೇಮಕ ವಿಭಾಗದ ಗುಮಾಸ್ತನನ್ನೂ ಕರೆಸಿದರು. ಕಾಗದ ಓದಿದರು. ಮೂರು ಸಾಲು ಓದಲು ಎಷ್ಟು ಹೊತ್ತು ಬೇಕು? ಆದರೂ ಎರಡು ಸಲ ಓದಿದರು. ಸೊಸೆ ನಿಂತುಕೊಂಡೇ ಇದ್ದದ್ದನ್ನೆಲ್ಲ ಹೇಳಿದಳು.

"ಬೇರೆ ಕಡೆ ಹೋಗೋದು ತಪ್ಪಲ್ಲಮ್ಮ" ಅಂದರು ಅವರು. ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ಪ್ರತಿ ಸಲವೂ ಯಾರೋ ಒಬ್ಬರು ಹೋಗ್ತಾರೆ, ಅದಕ್ಕೇ ತಾನೇ ಎರಡನೇ ಹೆಸರು ಇಟ್ಕೊಳ್ಳೋದು? ಇದೇ ಮೂರು ಸಾಲು ಅವತ್ತೇ ಬಂದಿದ್ರೆ ನಾನು ನಿಮಗೆ ಶುಭವಾಗಲಿ ಅಂತ ಉತ್ತರ ಬರೆದು, ಅವತ್ತೇ ಅವರನ್ನ ಕರೀತಿದ್ದೆ. ಹೋಗಲಿ, ಈಗಲೂ ಹೊತ್ತು ಮೀರಿಲ್ಲ, ಪಟ್ಟಿಗೆ ಎರಡು ತಿಂಗಳು ಆಯುಸ್ಸಿದೆ."

ಗುಮಾಸ್ತ ನಂಬರು ಒತ್ತಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಸೊಸೆ ನನ್ನ ಕೈ ಹಿಡಿದುಕೊಂಡಳು. ನಾಲ್ಕು ಸಲ ರಿಂಗಾಯಿತು. ಆ ನಾಲ್ಕು ರಿಂಗಿನಲ್ಲಿ ನಾನು ಬೇಡಿಕೊಂಡಷ್ಟು ಇಡೀ ಜನ್ಮದಲ್ಲಿ ಬೇಡಿಕೊಂಡಿಲ್ಲ.

"ಹಲೋ, ನಮಸ್ಕಾರ ಸಾರ್" ಅಂದಳು ಹಸಿರು ಫೈಲಿನವಳು.

ಡಾಕ್ಟರು ಮುಂದೆ ಬಾಗಿದರು. "ನಾನು ಡಾಕ್ಟರು ಮಾತಾಡ್ತಿರೋದು. ಮೊದಲಿನವರು ಅರ್ಜಿ ವಾಪಸು ತಗೊಂಡಿದ್ದಾರಮ್ಮ. ಕೆಲಸ ನಿಮಗೇ. ನಾಳೆ ಬಂದು ಆದೇಶ ತಗೊಳ್ಳಿ."

ಆ ಕಡೆಯಿಂದ ಮೊದಲು ಒಂದು ಸದ್ದು ಕೇಳಿಸಿತು. ಟಕಟಕ, ಟಕಟಕ, ಟಕಟಕ, ಆಮೇಲೆ ನಿಂತಿತು. ಸೊಸೆಯ ಉಗುರು ನನ್ನ ಅಂಗೈಗೆ ಇಳಿಯಿತು.

"ಮೇಡಂ, ನನ್ನನ್ನ ಪರಿಗಣಿಸಿದ್ದಕ್ಕೆ ತುಂಬಾ ಧನ್ಯವಾದ" ಅಂದಳು ಆ ಹೆಣ್ಣುಮಗಳು. ದನಿ ಸ್ವಲ್ಪ ಒಡೆದಿತ್ತು, ಮಾತು ಒಡೆಯಲಿಲ್ಲ. "ನಾನು ಇವತ್ತು ಬೆಳಿಗ್ಗೆ ಬೇರೆ ಕಡೆ ಕೆಲಸ ಒಪ್ಕೊಂಡು ಸಹಿ ಮಾಡಿದ್ದೀನಿ. ದಯವಿಟ್ಟು ನನ್ನ ಹೆಸರನ್ನ ಪಟ್ಟಿಯಿಂದ ತೆಗೆದುಬಿಡಿ."

ಮೂರೇ ಮಾತು. ನನ್ನ ಸೊಸೆಗೆ ಒಂದು ತಿಂಗಳು ಬೇಕಾಗಿದ್ದ ಮೂರು ಮಾತು. ಡಾಕ್ಟರು "ಇನ್ನೊಂದು ಸಲ ಯೋಚನೆ ಮಾಡ್ತೀರಾ?" ಅಂದರು. "ಒರಿಜಿನಲ್ ಕೊಟ್ಟಾಯ್ತು ಮೇಡಂ" ಅಂದಳು ಅವಳು, ಇನ್ನೊಂದು ಸಲ ಧನ್ಯವಾದ ಹೇಳಿ ಫೋನಿಟ್ಟಳು. ಗುಮಾಸ್ತ ಪಟ್ಟಿಯ ಎರಡು ಹೆಸರುಗಳ ಮೇಲೂ ಗೀಟು ಎಳೆದ. ಹುದ್ದೆಗೆ ಮತ್ತೆ ಮೊದಲಿನಿಂದ ಅರ್ಜಿ ಕರೆಯಬೇಕಂತೆ.

ಹೊರಗೆ ಬಂದ ಮೇಲೆ ಸೊಸೆ ಮನೆಯ ದಾರಿ ಹಿಡಿಯಲಿಲ್ಲ. ನಾನೂ ಕೇಳಲಿಲ್ಲ. ಆ ಗಲ್ಲಿಯ ಕೊನೆಯವರೆಗೆ ಹೋದೆವು. ಮುಂದಿನ ಕೋಣೆಯಲ್ಲಿ ರೋಗಿಗಳು ಯಾರೂ ಇರಲಿಲ್ಲ. ಮೇಜಿನ ಹಿಂದೆ, ಒಂಬತ್ತು ವರ್ಷ ನನ್ನ ಸೊಸೆ ಕೂತ ಕುರ್ಚಿಯಲ್ಲಿ, ಆ ಹೆಣ್ಣುಮಗಳು ಕೂತು ಕೊಳವೆಗಳಿಗೆ ಹೆಸರು ಅಂಟಿಸುತ್ತಿದ್ದಳು. ಹಸಿರು ಫೈಲು ಖಾಲಿಯಾಗಿ ಮೇಜಿನ ಮೇಲೆ ಬಿದ್ದಿತ್ತು. ನಮ್ಮನ್ನು ಕಂಡು ತಟ್ಟನೆ ಎದ್ದಳು.

"ಅಕ್ಕ! ಈಗಷ್ಟೇ ರಕ್ತನಿಧಿಯಿಂದ ಫೋನು ಬಂದಿತ್ತು. ನೀವು ಬೇಡ ಅಂದ್ರಂತೆ." ಅವಳ ಕಣ್ಣು ಕೆಂಪಾಗಿತ್ತು, ಆದರೂ ನನ್ನ ಸೊಸೆಯ ಕೈಯನ್ನೇ ಅವಳು ಹಿಡಿದುಕೊಂಡಳು. "ಅತ್ತೆಗೆ ಜಾಸ್ತಿ ಆಯ್ತಾ ಅಕ್ಕ? ಹೋದ ವಾರ ಅಲ್ಲಿಗೆ ಹೋಗಿ ವಿಚಾರಿಸಿದ್ದೆ. ನಿಮ್ಮ ಮನೇಲಿ ಕಷ್ಟ, ನಿಮಗೋಸ್ಕರ ಜಾಗ ಇಟ್ಟಿದ್ದಾರೆ ಅಂತ ಹೇಳಿದ್ರು. ಪಾಪ, ಅವರಿಗೇ ಬೇಕು ಆ ಕೆಲಸ, ನಾನು ಮಧ್ಯ ಬರಬಾರದು ಅನ್ಕೊಂಡೆ. ನೀವು ಬಿಡೋ ಲ್ಯಾಬಲ್ಲಿ ಜಾಗ ಇರತ್ತೆ ಅಂತ ಅವತ್ತು ಬೆಂಚಲ್ಲಿ ಹೇಳಿದ್ರಲ್ಲ, ಅದಕ್ಕೇ ಇಲ್ಲಿಗೆ ಬಂದೆ."

"ಒರಿಜಿನಲ್ ನಾನು ಬಿಡಿಸಿಕೊಡ್ತೀನಿ" ಅಂದೆ ನಾನು, ತಡೆಯಲಾಗದೆ. "ಆ ಬೆಂಚಿನ ಮೇಲೆ ಕೂರೋದು ನನಗೆ ಗೊತ್ತು."

"ಇಲ್ಲಮ್ಮ, ಮೂರು ವರ್ಷಕ್ಕೆ ಸಹಿ ಮಾಡಿದ್ದೀನಿ. ಮಧ್ಯ ಬಿಟ್ರೆ ಒಂದು ವರ್ಷದ ಸಂಬಳ ಕಟ್ಟಬೇಕು. ಎಲ್ಲಿಂದ ತರ್ಲಿ?" ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದಳು, "ಇವರು ಯಾರು ಅಕ್ಕ?"

ಈ ಸಲ ಕೆಮ್ಮು ನಿಜವಾಗಿಯೂ ಬಂತು, ನುಂಗಿಕೊಂಡೆ.

"ಇವರೇ ನಮ್ಮತ್ತೆ" ಅಂದಳು ಸೊಸೆ. "ಇವರಿಗೆ ಯಾವತ್ತೂ ಏನೂ ಆಗಿರಲಿಲ್ಲ. ನನಗೆ ಬೇರೆ ಕಡೆ ಕೆಲಸ ಸಿಕ್ಕಿ ಒಂದು ತಿಂಗಳಾಗಿತ್ತು. ನೀನು ಕೇಳಿದಾಗಲೂ ಸಿಕ್ಕಿತ್ತು. ನಾನು ಹೇಳಲಿಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಚಪ್ಪಲಿ, ನನ್ನ ಗಟ್ಟಿ ಕೈ, ನನ್ನ ಮುಖ. ಬೈಯಲಿ ಅಂತ ನಾನು ಕಾದೆ. ಕೂಗಾಡಲಿ, ಕೊಳವೆ ಎತ್ತಿ ಎಸೆಯಲಿ. ಅವಳು ನಿಧಾನವಾಗಿ ಸೊಸೆಯ ಕೈ ಬಿಟ್ಟಳು. ಒಳಗಿನಿಂದ ಯಜಮಾನರ ದನಿ ಬಂತು, ಊಟ ಆಮೇಲೆ ಮಾಡು, ಇನ್ನೂ ನಾಲ್ಕು ಜನ ಬರ್ತಿದ್ದಾರೆ ಅಂತ.

ನಮ್ಮನ್ನು ನೋಡುತ್ತಲೇ ಅವಳು ಉತ್ತರ ಕೊಟ್ಟಳು.

"ಆಯ್ತು ಸಾರ್."